ಫೀಡ್ ಮತ್ತು ಖನಿಜ ಮಿಶ್ರಣದ ಆಯ್ಕೆ: ಲೇಬಲ್ ಲೆಕ್ಕದ ಪ್ರಗತಿ ಟಿಪ್ಪಣಿ

ಎರಡು ಮೂರು ಕರೆಯುವ ಹಸುಗಳಿರುವ ಕೊಟ್ಟಿಗೆಗೆ ಒಂದು ಫೀಡ್, ಒಂದು ಖನಿಜ ಮಿಶ್ರಣ ಗೊತ್ತುಮಾಡುವುದು ಈ ಕೆಲಸದ ಗುರಿ. ಚೀಲದ ಮೇಲೆ ಅಚ್ಚಾದ ಪ್ರೋಟೀನ್ ಅಂಕಿ ಮತ್ತು ಪದಾರ್ಥಗಳ ಪಟ್ಟಿ, ಇವೆರಡನ್ನೇ ಹಿಡಿದು ಎಷ್ಟು ದೂರ ಹೋಗಬಹುದು ಎಂದು ನೋಡುತ್ತಿದ್ದೇವೆ. ಬ್ರ್ಯಾಂಡ್ ಹೆಸರುಗಳನ್ನು ಬರೆದಿಲ್ಲ. ಒಂದೇ ಬ್ರ್ಯಾಂಡಿನಲ್ಲೂ ಬ್ಯಾಚ್‌ನಿಂದ ಬ್ಯಾಚ್‌ಗೆ ಮಾಲು ಬದಲಾಗುತ್ತದೆ, ಹಾಗಾಗಿ ಹೆಸರಿಗಿಂತ ಲೆಕ್ಕದ ದಾರಿಯೇ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ.

ಮೊದಲ ಹಂತ: ಹಸುವಿಗೆ ಎಷ್ಟು ಬೇಕು? (ಮುಗಿದಿದೆ)

ಲೆಕ್ಕಕ್ಕೆ ಇಟ್ಟುಕೊಂಡದ್ದು 400 ಕೆಜಿ ತೂಕದ, ದಿನಕ್ಕೆ 10 ಲೀಟರ್ ಹಾಲು ಕೊಡುವ, 4% ಫ್ಯಾಟ್ ಇರುವ ಹಸು. ಅದರ ಮೈ ನಿರ್ವಹಣೆಗೆ ಸುಮಾರು 320 ಗ್ರಾಂ ಕಚ್ಚಾ ಪ್ರೋಟೀನ್ ಬೇಕು. ಲೀಟರ್ ಹಾಲಿಗೆ ಸುಮಾರು 90 ಗ್ರಾಂ ಹಿಡಿದರೆ 10 ಲೀಟರಿಗೆ 900 ಗ್ರಾಂ. ಒಟ್ಟು 1220 ಗ್ರಾಂ.

ಇದರಲ್ಲಿ ಮೇವಿನಿಂದ ಬರುವುದನ್ನು ಮೊದಲು ಕಳೆಯಬೇಕು. 20 ಕೆಜಿ ಹಸಿ ನೇಪಿಯರ್ ಹುಲ್ಲಿನಲ್ಲಿ ನೀರಿನಂಶ ಬಿಟ್ಟರೆ ಉಳಿಯುವುದು 4 ಕೆಜಿ ಒಣ ಪದಾರ್ಥ. ಅದಕ್ಕೆ 8% ಪ್ರೋಟೀನ್ ಹಾಕಿದರೆ 320 ಗ್ರಾಂ. 4 ಕೆಜಿ ಒಣ ಹುಲ್ಲಿನಿಂದ 125 ಗ್ರಾಂ ಸಿಕ್ಕರೆ ಹೆಚ್ಚು. ಎರಡೂ ಸೇರಿ 445 ಗ್ರಾಂ ಆಯಿತು, ಉಳಿದ 775 ಗ್ರಾಂ ಫೀಡ್‌ನಿಂದಲೇ ಬರಬೇಕು. 22% ಫೀಡ್ ಆದರೆ ಇದಕ್ಕೆ 3.5 ಕೆಜಿ ಸಾಕು, 20% ಆದರೆ 3.9 ಕೆಜಿ ಬೇಕು. ಹುಲ್ಲು ಬಲಿತು ಕಡ್ಡಿಯಾದ ಮೇಲೆ ಕೊಯ್ದರೆ ಅದರ ಪ್ರೋಟೀನ್ 8 ರಿಂದ 5ಕ್ಕೆ ಇಳಿಯಬಹುದು. ಆಗ 120 ಗ್ರಾಂ ಖೋತಾ, ಅಂದರೆ ಅರ್ಧ ಕೆಜಿಗೂ ಹೆಚ್ಚು ಫೀಡ್ ಬರೀ ಆ ತೂತು ಮುಚ್ಚಲು ಹೋಗುತ್ತದೆ. ಫೀಡ್ ಬದಲಿಸುವ ಮೊದಲು ಹುಲ್ಲು ಕೊಯ್ಯುವ ವಯಸ್ಸನ್ನು ನೋಡಿ ಎನ್ನುವುದು ಇದಕ್ಕೇ.

ಎರಡನೇ ಹಂತ: ಪ್ರೋಟೀನ್ ಅಂಕಿಯ ಒಳಗೆ ಏನಿದೆ? (ಮುಗಿದಿದೆ, ಹೆಚ್ಚು ಹೊತ್ತು ಹಿಡಿದದ್ದು ಇದೇ)

ಭಾರತೀಯ ಮಾನಕ ಐಎಸ್ 2052ರಲ್ಲಿ ಟೈಪ್ 1 ಫೀಡ್‌ಗೆ ಕನಿಷ್ಠ 22%, ಟೈಪ್ 2ಕ್ಕೆ ಕನಿಷ್ಠ 20% ಕಚ್ಚಾ ಪ್ರೋಟೀನ್ ಇರಬೇಕು. 'ಕಚ್ಚಾ' ಎಂಬ ಪದವನ್ನು ಹಗುರವಾಗಿ ನೋಡಬಾರದು. ಲ್ಯಾಬ್ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತದೆ. ಆ ಸಾರಜನಕ ಹಿಂಡಿಯಿಂದ ಬಂತೋ ಯೂರಿಯಾದಿಂದ ಬಂತೋ ಆ ಅಂಕಿಯಲ್ಲಿ ಕಾಣುವುದಿಲ್ಲ. ಯೂರಿಯಾದಲ್ಲಿ 46% ಸಾರಜನಕ ಇರುವುದರಿಂದ 100 ಕೆಜಿ ಫೀಡ್‌ಗೆ 1 ಕೆಜಿ ಯೂರಿಯಾ ಸೇರಿಸಿದರೆ ಪ್ರೋಟೀನ್ ಅಂಕಿ ಸುಮಾರು 2.9 ಏರುತ್ತದೆ. ಹೀಗೆ 20% ಎಂದು ಅಚ್ಚಾದ ಚೀಲದಲ್ಲಿ 1% ಯೂರಿಯಾ ಇದ್ದರೆ ಹಿಂಡಿ, ಧಾನ್ಯ, ಬೂಸಾಗಳಿಂದ ಬಂದದ್ದು 17% ಮಾತ್ರ.

ಯೂರಿಯಾ ಇದ್ದ ಮಾತ್ರಕ್ಕೆ ಫೀಡ್ ಕೆಟ್ಟದ್ದಲ್ಲ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಜೊತೆಗೆ ಜೋಳ, ಕಾಕಂಬಿಯಂಥ ಶಕ್ತಿಯ ಆಹಾರ ಸಿಕ್ಕರೆ ಅದನ್ನು ತಮ್ಮ ಪ್ರೋಟೀನ್ ಆಗಿ ಮಾಡಿಕೊಳ್ಳುತ್ತವೆ. ಶಕ್ತಿ ಸಾಲದಿದ್ದರೆ ಅದು ಅಮೋನಿಯಾ ಆಗಿ ಗಂಜಲದಲ್ಲಿ ಹೊರಟುಹೋಗುತ್ತದೆ. ಮೊದಲ ಹೊಟ್ಟೆ ಇನ್ನೂ ಬೆಳೆಯದ ಕರುಗಳಿಗೆ ಮಾತ್ರ ಯೂರಿಯಾ ಇರುವ ಫೀಡ್ ಹಾಕಲೇಬಾರದು. ನಮ್ಮ ತಕರಾರು ಬೆಲೆಯದ್ದು: ಸಾರಜನಕದ ಅತ್ಯಂತ ಅಗ್ಗದ ಮೂಲವನ್ನು ಹಿಂಡಿಯ ದರದಲ್ಲಿ ಕೊಳ್ಳಬಾರದು.

ಈಗ ಹೋಲಿಕೆ. 50 ಕೆಜಿಯ ಎರಡು ಚೀಲ ಇಟ್ಟುಕೊಳ್ಳಿ. ಚೀಲ 'ಕ' 22%, ಯೂರಿಯಾ ಇಲ್ಲ. ಚೀಲ 'ಖ' 20%, ಯೂರಿಯಾ 1%. ಅಚ್ಚಾದ ಅಂಕಿಯ ಪ್ರಕಾರ 'ಕ'ದಲ್ಲಿ 11 ಕೆಜಿ, 'ಖ'ದಲ್ಲಿ 10 ಕೆಜಿ ಪ್ರೋಟೀನ್ ಇದೆ. 'ಕ' ಚೀಲದ ಬೆಲೆ 10% ಹೆಚ್ಚಿದ್ದರೂ ಸರಿಸಮ ಅನ್ನಿಸುತ್ತದೆ. ಯೂರಿಯಾದ ಪಾಲು ಕಳೆದರೆ 'ಖ'ದಲ್ಲಿ ಉಳಿಯುವುದು ಸುಮಾರು 8.6 ಕೆಜಿ. ಆಗ 'ಕ' ಚೀಲ 28% ದುಬಾರಿಯಾಗಿದ್ದರೂ ಕೆಜಿ ನಿಜ ಪ್ರೋಟೀನಿನ ಬೆಲೆ ಒಂದೇ. ಲೇಬಲ್ ಮೇಲೆ 'ಯೂರಿಯಾ ಗರಿಷ್ಠ 1%' ಎಂದಿದ್ದರೆ ಅಷ್ಟೂ ಇದೆ ಎಂದರ್ಥವಲ್ಲ, ಆದರೆ ಕೊಳ್ಳುವವರು ಇದೆ ಎಂದೇ ಲೆಕ್ಕ ಹಾಕುವುದು ಕ್ಷೇಮ.

ಲೇಬಲ್ ಯೂರಿಯಾದ ಬಗ್ಗೆ ಏನೂ ಹೇಳದಿದ್ದರೆ ಕೊಟ್ಟಿಗೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಸಿ ಸೋಯಾ ಕಾಳಿನಲ್ಲಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವ ಕಿಣ್ವ ಇದೆ. ಎರಡು ಚಮಚ ಪುಡಿಮಾಡಿದ ಫೀಡ್, ಒಂದು ಚಮಚ ಹುರಿಯದ ಸೋಯಾ ಪುಡಿ, ಸ್ವಲ್ಪ ಉಗುರುಬೆಚ್ಚಗಿನ ನೀರು ಸೇರಿಸಿ ಬಾಟಲಿಯ ಮುಚ್ಚಳ ಹಾಕಿ ಅರ್ಧ ಗಂಟೆ ಬಿಡಿ. ಪಕ್ಕದಲ್ಲಿ ಇನ್ನೊಂದು ಬಾಟಲಿಗೆ ಫೀಡ್ ಬದಲು ಜೋಳದ ಹಿಟ್ಟು ಹಾಕಿಡಿ. ತೆರೆದಾಗ ಫೀಡ್ ಬಾಟಲಿ ಮಾತ್ರ ಮೂಗಿಗೆ ಹೊಡೆಯುವ ಘಾಟು ಕೊಟ್ಟರೆ, ಅಥವಾ ಆ ಬಾಟಲಿಯ ಬಾಯಿಗೆ ಹಿಡಿದ ಒದ್ದೆ ಕೆಂಪು ಲಿಟ್ಮಸ್ ಕಾಗದ ನೀಲಿಯಾದರೆ ಯೂರಿಯಾ ಇದೆ. ಸೋಯಾ ಹುರಿದದ್ದಾದರೆ ಅಥವಾ ನೀರು ಕುದಿಯುವಷ್ಟು ಬಿಸಿಯಾದರೆ ಕಿಣ್ವ ಸತ್ತು ಪರೀಕ್ಷೆ ಸುಳ್ಳಾಗುತ್ತದೆ. ಇದರಿಂದ ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಎಷ್ಟಿದೆ ಎನ್ನಲು ಲ್ಯಾಬೇ ಬೇಕು.

ಮೂರನೇ ಹಂತ: ಪದಾರ್ಥಗಳ ಪಟ್ಟಿ (ಭಾಗಶಃ)

ಹೆಚ್ಚಿನ ಚೀಲಗಳ ಮೇಲೆ ಪ್ರಮಾಣವಿಲ್ಲದ ಉದ್ದ ಪಟ್ಟಿ ಇರುತ್ತದೆ, 'ಇವುಗಳಲ್ಲಿ ಕೆಲವು' ಎಂಬ ಮಾತಿನೊಂದಿಗೆ. ಇದರಿಂದ ಪಾಕ ತಿಳಿಯುವುದಿಲ್ಲ. ಆದರೂ ಎರಡು ವಿಷಯ ಹಿಡಿಯಬಹುದು. ಒಂದು, ಪ್ರೋಟೀನಿನ ಮೂಲ. ಸೋಯಾ, ಕಡಲೆಕಾಯಿ ಹಿಂಡಿಗಳಲ್ಲಿ ಪ್ರೋಟೀನ್ 40%ಕ್ಕೂ ಮೇಲೆ. ಸಿಪ್ಪೆ ಸಹಿತ ಹತ್ತಿಕಾಳು ಹಿಂಡಿಯಲ್ಲಿ 22-24%. ಎಣ್ಣೆ ತೆಗೆದ ಅಕ್ಕಿ ತೌಡಿನಲ್ಲಿ 15% ಆಸುಪಾಸು. ಪಟ್ಟಿಯಲ್ಲಿ ತೌಡು, ಬೂಸಾ, ಕಾಕಂಬಿಗಳೇ ಇದ್ದು ಒಳ್ಳೆಯ ಹಿಂಡಿಯ ಹೆಸರೇ ಇಲ್ಲದೆ 20% ಎಂದು ಅಚ್ಚಾಗಿದ್ದರೆ ಆ ಅಂಕಿ ಎಲ್ಲಿಂದ ಬಂತು ಎಂದು ಕೇಳಬೇಕು. ಯೂರಿಯಾ ಪರೀಕ್ಷೆ ಮೊದಲು ಮಾಡಬೇಕಾದದ್ದು ಇಂಥ ಚೀಲಕ್ಕೆ.

ಇನ್ನೊಂದು, ಮರಳು. ಲೇಬಲ್ ಮೇಲೆ 'ಆಮ್ಲದಲ್ಲಿ ಕರಗದ ಬೂದಿ' ಎಂದು ಕೊಡುವ ಅಂಕಿ ಬಹುಪಾಲು ಮರಳು ಮತ್ತು ಭತ್ತದ ಹೊಟ್ಟಿನ ಸಿಲಿಕಾ. ನೂರು ಗ್ರಾಂ ಫೀಡನ್ನು ಅಗಲ ಪಾತ್ರೆಯಲ್ಲಿ ನೆನೆಸಿ, ಹಿಸುಕಿ, ಕಲಕಿ, ಮೇಲಿನದನ್ನು ಮೆಲ್ಲಗೆ ಬಸಿಯುತ್ತ ಹೋದರೆ ತಳದಲ್ಲಿ ಉಳಿಯುವುದನ್ನು ಬೆರಳಿನಲ್ಲಿ ಉಜ್ಜಿ ನೋಡಬಹುದು. ಹೊಟ್ಟು ಹಗುರ, ಬಸಿದ ನೀರಿನೊಂದಿಗೆ ಹೋಗಿಬಿಡುತ್ತದೆ, ಆದ್ದರಿಂದ ತಳ ಚೊಕ್ಕವಾಗಿದ್ದರೂ ಹೊಟ್ಟಿನ ಕಲಬೆರಕೆ ಇಲ್ಲ ಎನ್ನಲಾಗದು. ಅದಕ್ಕೆ ಲೇಬಲ್‌ನ ನಾರಿನ ಅಂಕಿ ನೋಡಬೇಕು.

ನಾಲ್ಕನೇ ಹಂತ: ಖನಿಜ ಮಿಶ್ರಣ (ಆಯ್ಕೆ ಎರಡಕ್ಕೆ ಇಳಿದಿದೆ)

ಇಲ್ಲಿ ಮೊದಲು ನೋಡಬೇಕಾದದ್ದು ಕ್ಯಾಲ್ಸಿಯಂ ಅಲ್ಲ, ರಂಜಕ. ಸುಣ್ಣಕಲ್ಲಿನ ಪುಡಿ ಅಗ್ಗ, ಅದರಿಂದ ಕ್ಯಾಲ್ಸಿಯಂ ಅಂಕಿಯನ್ನು ಎಷ್ಟು ಬೇಕಾದರೂ ಏರಿಸಬಹುದು. ರಂಜಕಕ್ಕೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಬೇಕು, ಅದು ದುಬಾರಿ. ಐಎಸ್ 1664 ಪ್ರಕಾರ ಉಪ್ಪಿಲ್ಲದ ಮಿಶ್ರಣದಲ್ಲಿ ರಂಜಕ 12%, ಕ್ಯಾಲ್ಸಿಯಂ 20%, ಮೆಗ್ನೀಸಿಯಂ 5%, ಸತು 0.8%, ತಾಮ್ರ 0.1% ಇರಬೇಕು.

ಈ ಅಂಕಿಗಳನ್ನು ಒಂದು ಕೆಜಿಯಲ್ಲಿ ಕೂರಿಸಿ ನೋಡಿದ್ದು ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಲೆಕ್ಕ. ಡೈಕ್ಯಾಲ್ಸಿಯಂ ಫಾಸ್ಫೇಟಿನಲ್ಲಿ ರಂಜಕ 18%. ಹಾಗಾದರೆ 120 ಗ್ರಾಂ ರಂಜಕಕ್ಕೆ ಅದೇ 667 ಗ್ರಾಂ ಬೇಕು. ಅದರಿಂದ ಸುಮಾರು 153 ಗ್ರಾಂ ಕ್ಯಾಲ್ಸಿಯಂ ಜೊತೆಯಲ್ಲೇ ಬರುತ್ತದೆ, ಉಳಿದದ್ದಕ್ಕೆ ಸುಮಾರು 125 ಗ್ರಾಂ ಸುಣ್ಣಕಲ್ಲಿನ ಪುಡಿ. ಮೆಗ್ನೀಸಿಯಂ ಆಕ್ಸೈಡ್ ಸುಮಾರು 90 ಗ್ರಾಂ. ಇಷ್ಟಕ್ಕೇ 880 ಗ್ರಾಂ ದಾಟಿತು. ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಲವಣಗಳು ಮತ್ತು ಗಂಧಕದ ಮೂಲ ಸೇರಿಸುವಷ್ಟರಲ್ಲಿ ಕೆಜಿ ಹೆಚ್ಚುಕಡಿಮೆ ತುಂಬಿಬಿಡುತ್ತದೆ. ಹಾಗಿರುವಾಗ ಅದೇ ಚೀಲ ರಂಜಕ 12% ಎಂದೂ ಹೇಳಿ, ಯೀಸ್ಟ್, ಗಿಡಮೂಲಿಕೆ, ಅಮೈನೊ ಆಮ್ಲಗಳೂ ಧಾರಾಳವಾಗಿವೆ ಎಂದರೆ ಜಾಗವೇ ಸಾಲದು. ಒಂದೋ ರಂಜಕ ಕಡಿಮೆ, ಇಲ್ಲವೇ ಉಳಿದವು ಹೆಸರಿಗಷ್ಟೇ.

ಉಳಿದ ಎಚ್ಚರಗಳು ಚಿಕ್ಕವು. ಕೆಲವು ಪೊಟ್ಟಣಗಳು ಅಂಕಿಯನ್ನು ಕೆಜಿಗೆ ಮಿಲಿಗ್ರಾಂನಲ್ಲಿ ಕೊಡುತ್ತವೆ. 8000 ಮಿಗ್ರಾಂ ಸತು ದೊಡ್ಡದಾಗಿ ಕಂಡರೂ ಅದು 0.8% ಮಾತ್ರ. ತಾಮ್ರ ಸಲ್ಫೇಟ್ ರೂಪದಲ್ಲಿರಲಿ, ಆಕ್ಸೈಡ್ ಪುಡಿ ಮೈಗೆ ಹತ್ತುವುದು ಬಹಳ ಕಡಿಮೆ. ಫ್ಲೋರಿನ್ ಗರಿಷ್ಠ 0.07% ಎಂದು ಬರೆದಿದೆಯೇ ನೋಡಿ. ಕಚ್ಚಾ ರಾಕ್ ಫಾಸ್ಫೇಟ್ ಬೆರೆಸಿದ ಅಗ್ಗದ ಮಾಲಿನಲ್ಲಿ ಅದು ಹೆಚ್ಚಿದ್ದು, ಹಲ್ಲು ಕಲೆಯಾಗಿ ಸವೆಯುವುದು, ಕುಂಟುವುದು ತಡವಾಗಿ ಕಾಣಿಸಿಕೊಳ್ಳುತ್ತವೆ.

ಪ್ರಮಾಣಕ್ಕೆ ದಿನಕ್ಕೆ 100 ಗ್ರಾಂ ಗುರಿ ಇಟ್ಟುಕೊಂಡಿದ್ದೇವೆ. ಫೀಡ್‌ನಲ್ಲೇ 1% ಖನಿಜ ಮಿಶ್ರಣ ಇದ್ದರೆ 4 ಕೆಜಿಯಲ್ಲಿ 40 ಗ್ರಾಂ ಆಗಲೇ ಹೋಗಿರುತ್ತದೆ, ಮೇಲೆ 60 ಗ್ರಾಂ ಸಾಕು. ಗಬ್ಬದ ಕೊನೆಯ ಮೂರು ವಾರ ಕ್ಯಾಲ್ಸಿಯಂ ಹೆಚ್ಚು ಕೊಡುವುದು ಬೇಡ. ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವ ಅಭ್ಯಾಸ ಮೈಗೆ ತಪ್ಪಿ, ಕರು ಹಾಕಿದ ಕೂಡಲೇ ಹಾಲು ಜ್ವರದ ಅಪಾಯ ಹೆಚ್ಚುತ್ತದೆ.

ಈಗ ನಡೆಯುತ್ತಿರುವುದು

ಚೀಲ 'ಕ' ಆಯ್ಕೆಯಾಗಿದೆ, ಲ್ಯಾಬ್ ವರದಿ ಬರಬೇಕು. ಮಾದರಿ ತೆಗೆದದ್ದು ಹಲವು ಚೀಲಗಳ ಮೇಲೆ, ನಡುವೆ, ತಳದಿಂದ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕೆಜಿಗೆ ಇಳಿಸಿ, ಗಾಳಿಯಾಡದ ಚೀಲದಲ್ಲಿ ಕಳಿಸಲಾಗಿದೆ. ಕೇಳಿರುವುದು ತೇವಾಂಶ, ಕಚ್ಚಾ ಪ್ರೋಟೀನ್, ಯೂರಿಯಾ, ನಾರು, ಆಮ್ಲದಲ್ಲಿ ಕರಗದ ಬೂದಿ, ಬೂಷ್ಟಿನಿಂದ ಬರುವ ವಿಷವಾದ ಅಫ್ಲಾಟಾಕ್ಸಿನ್. ಲ್ಯಾಬ್ ಅಂಕಿ ಒಣ ಪದಾರ್ಥದ ಮೇಲೋ ಇದ್ದ ಹಾಗೆಯೋ ಎಂದು ಬರೆಸಿಕೊಳ್ಳಬೇಕು. 10% ತೇವ ಇರುವ 20% ಫೀಡ್ ಒಣ ಲೆಕ್ಕದಲ್ಲಿ 22.2% ಎಂದು ಬರುತ್ತದೆ, ಅದನ್ನು ಚೀಲದ ಅಂಕಿಗೆ ನೇರ ಹೋಲಿಸಿದರೆ ಕಡಿಮೆ ಮಾಲೂ ಪಾಸಾಗಿಬಿಡುತ್ತದೆ.

ವರದಿ ಸರಿಯಿದ್ದರೆ ಹಳೆಯ ಫೀಡಿನ ಕಾಲುಭಾಗವನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತ ಹೊಸದಕ್ಕೆ ಹೋಗುವುದು. ಅಳತೆ ತಕ್ಕಡಿಯಲ್ಲೇ ಆಗಬೇಕು. ಒಂದೇ ಮಗ್‌ನಲ್ಲಿ ಗುಳಿಗೆ ಫೀಡೂ ಪುಡಿ ಫೀಡೂ ಒಂದೇ ತೂಕ ತೂಗುವುದಿಲ್ಲ, ಹಾಲು ಏರಿದ್ದಕ್ಕೆ ಬ್ರ್ಯಾಂಡೋ ತೂಕವೋ ಕಾರಣ ಎಂದು ಆಮೇಲೆ ಹೇಳಲಾಗದು. ಪೂರ್ತಿ ಬದಲಾದ ಮೇಲೆ ಮೂರು ವಾರದ ಹಾಲು, ಫ್ಯಾಟ್, ಎಸ್‌ಎನ್‌ಎಫ್ ಮತ್ತು ಸಗಣಿಯ ಹದ ಬರೆದಿಟ್ಟು ಮುಂದಿನ ಟಿಪ್ಪಣಿಯಲ್ಲಿ ಹಾಕುತ್ತೇವೆ.