ಉಪಗ್ರಹದ ಗಡಿಯಾರ ಮುಂದೆ ಓಡುವುದು ನಿಜ, 11 ಕಿಲೋಮೀಟರ್ ಮಾತು ಅರ್ಧ ನಿಜ

"ಸರ್, ಭೂಮಿ ಹತ್ತಿರ ಇರೋ ಗಡಿಯಾರ ನಿಧಾನ ಅಂತಾರಲ್ಲ, ಯಾಕೆ ಹಾಗೆ? ಅದನ್ನ ಸರಿ ಮಾಡದಿದ್ರೆ ಮೊಬೈಲ್ ಮ್ಯಾಪ್ ದಿನಕ್ಕೆ 11 ಕಿಲೋಮೀಟರ್ ತಪ್ಪು ತೋರಿಸುತ್ತಂತೆ, ಹೌದಾ?"

ಮೊದಲ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೆಲದ ಮೇಲೆ ಒಂದು ಪರಮಾಣು ಗಡಿಯಾರ ಇದೆ, ಅದು ತನ್ನ ಮಿಡಿತಕ್ಕೆ ಸರಿಯಾಗಿ ಬೆಳಕಿನ ಅಲೆಗಳನ್ನು ಮೇಲಕ್ಕೆ ಕಳಿಸುತ್ತಿದೆ ಎಂದುಕೊಳ್ಳಿ. ಗುರುತ್ವದ ವಿರುದ್ಧ ಏರುವಾಗ ಬೆಳಕು ಶಕ್ತಿ ಕಳೆದುಕೊಳ್ಳುತ್ತದೆ. ಬೆಳಕಿನ ವೇಗ ಕಡಿಮೆಯಾಗುವುದಿಲ್ಲ. ಅದರ ಬದಲು ಆವರ್ತನ, ಅಂದರೆ ಸೆಕೆಂಡಿಗೆ ಬರುವ ಅಲೆಗಳ ಸಂಖ್ಯೆ, ಕಡಿಮೆಯಾಗುತ್ತದೆ. ಇದು ಬರೀ ಊಹೆಯಲ್ಲ. 1960ರಲ್ಲಿ ಪೌಂಡ್ ಮತ್ತು ರೆಬ್ಕಾ ಎಂಬ ಭೌತವಿಜ್ಞಾನಿಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಟ್ಟಡದೊಳಗೆ, ಕೇವಲ 22.5 ಮೀಟರ್ ಎತ್ತರದಲ್ಲಿ, ಗಾಮಾ ಕಿರಣಗಳಿಂದ ಇದನ್ನು ಅಳೆದು ತೋರಿಸಿದರು.

ಈಗ ಒಂದು ವಿಷಯ ಗಮನಿಸಿ. ದಾರಿಯಲ್ಲಿ ಯಾವ ಅಲೆಯೂ ಕಳೆದುಹೋಗುವುದಿಲ್ಲ. ಕೆಳಗಿಂದ ನೂರು ಹೊರಟರೆ ಮೇಲೆ ನೂರೇ ತಲುಪುತ್ತವೆ. ಆದರೂ ಮೇಲಿನವನ ಎಣಿಕೆಯಲ್ಲಿ ಸೆಕೆಂಡಿಗೆ ಕಡಿಮೆ ಅಲೆಗಳು ಬರುತ್ತಿವೆ. ಇವೆರಡೂ ಒಟ್ಟಿಗೆ ನಿಜವಾಗಲು ಒಂದೇ ದಾರಿ: ಅವೇ ನೂರು ಅಲೆಗಳು ತಲುಪುವಷ್ಟರಲ್ಲಿ ಮೇಲೆ ಜಾಸ್ತಿ ಸಮಯ ಕಳೆದಿರಬೇಕು. ಗಡಿಯಾರದ ಯಂತ್ರದಲ್ಲಿ ಏನೂ ದೋಷವಿಲ್ಲ. ಅಲ್ಲಿ ಸಮಯವೇ ಬೇಗ ಸಾಗುತ್ತಿದೆ.

ತುಂಬಾ ಜನ ಇದಕ್ಕೆ ಸೆಳೆತದ ಬಲವೇ ಕಾರಣ ಎಂದುಕೊಂಡಿರುತ್ತಾರೆ. ಅದು ಸರಿಯಲ್ಲ. ಭೂಮಿಯ ಕೇಂದ್ರದಲ್ಲಿ ಸೆಳೆತ ಸೊನ್ನೆ, ಆದರೂ ಅಲ್ಲಿನ ಗಡಿಯಾರ ನೆಲದ ಮೇಲಿನದಕ್ಕಿಂತ ನಿಧಾನ. ಲೆಕ್ಕಕ್ಕೆ ಬರುವುದು ನೀವು ಗುರುತ್ವದ ಎಷ್ಟು ಆಳದಲ್ಲಿದ್ದೀರಿ ಅನ್ನುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಹಾಗಾಗಿ ಇಲ್ಲಿನ ಗಡಿಯಾರ ಮಂಗಳೂರಿನ ಕಡಲತೀರದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 9 ನ್ಯಾನೋಸೆಕೆಂಡ್ ಮುಂದೆ ಹೋಗುತ್ತದೆ. ಕೈಗಡಿಯಾರಕ್ಕೆ ಇದು ಗೊತ್ತೂ ಆಗುವುದಿಲ್ಲ. ಒಳ್ಳೆಯ ಪರಮಾಣು ಗಡಿಯಾರಕ್ಕೆ ಗೊತ್ತಾಗುತ್ತದೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಆ ಎತ್ತರದಿಂದಾಗಿ ಅವುಗಳ ಗಡಿಯಾರ ದಿನಕ್ಕೆ ಸುಮಾರು 45.7 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಜೊತೆಗೆ ಅವು ಸೆಕೆಂಡಿಗೆ 3.9 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತವೆ. ವೇಗವೂ ಗಡಿಯಾರವನ್ನು ನಿಧಾನಿಸುತ್ತದೆ, ಅದರಿಂದ ಸುಮಾರು 7.2 ಮೈಕ್ರೋಸೆಕೆಂಡ್ ಹಿಂದೆ. ಕೂಡಿ ಕಳೆದರೆ ದಿನಕ್ಕೆ ಸುಮಾರು 38.5 ಮೈಕ್ರೋಸೆಕೆಂಡ್ ಮುಂದೆ.

ಇದನ್ನು ಸರಿಪಡಿಸುವ ಕೆಲಸ ಉಡಾವಣೆಗೆ ಮುಂಚೆಯೇ ನಡೆಯುತ್ತದೆ. ಗಡಿಯಾರದ ಆವರ್ತನ 10.23 ಮೆಗಾಹರ್ಟ್ಸ್ ಇರಬೇಕು. ನೆಲದ ಮೇಲೆ ಅದನ್ನು 10.22999999543 ಮೆಗಾಹರ್ಟ್ಸ್‌ಗೆ ಇಳಿಸಿ ಕಳಿಸುತ್ತಾರೆ. ಮೇಲೆ ಹೋದ ಮೇಲೆ ನಮಗೆ ಅದು ಸರಿಯಾಗಿ 10.23 ಆಗಿ ಕಾಣುತ್ತದೆ. 1977ರಲ್ಲಿ ಎನ್‌ಟಿಎಸ್-2 ಎಂಬ ಪರೀಕ್ಷಾ ಉಪಗ್ರಹ ಹಾರಿದಾಗ ಈ ಹೊಂದಾಣಿಕೆಗೆ ಆನ್-ಆಫ್ ವ್ಯವಸ್ಥೆ ಇಟ್ಟಿದ್ದರು. ಸುಮಾರು 20 ದಿನ ಅದನ್ನು ಆಫ್ ಇಟ್ಟು ನೋಡಿದರು. ಲೆಕ್ಕದ ಪ್ರಕಾರ ದಿನಕ್ಕೆ 38.6 ಮೈಕ್ರೋಸೆಕೆಂಡ್ ಮುಂದೆ ಹೋಗಬೇಕಿತ್ತು, ಅಳತೆಯಲ್ಲಿ ಸಿಕ್ಕಿದ್ದು 38.2. ಆಮೇಲೆ ಆನ್ ಮಾಡಿದರು. ಐನ್‌ಸ್ಟೈನ್ ಸಿದ್ಧಾಂತವನ್ನು ಸ್ವಿಚ್ ಹಾಕಿ ಪರೀಕ್ಷೆ ಮಾಡಿದ ಈ ಘಟನೆ ನನಗೆ ತುಂಬಾ ಇಷ್ಟ.

ಈಗ 11 ಕಿಲೋಮೀಟರ್ ವಿಷಯ. ಬೆಳಕು 38.5 ಮೈಕ್ರೋಸೆಕೆಂಡಿನಲ್ಲಿ ಸುಮಾರು 11.5 ಕಿಲೋಮೀಟರ್ ಸಾಗುತ್ತದೆ. ಆ ಸಂಖ್ಯೆ ಬಂದದ್ದು ಅಲ್ಲಿಂದ. ಆದರೆ ಅದು ಉಪಗ್ರಹಕ್ಕೂ ನಿಮ್ಮ ಫೋನಿಗೂ ನಡುವಿನ ದೂರದಲ್ಲಿ ಆಗುವ ತಪ್ಪು, ಮ್ಯಾಪ್ ಮೇಲಿನ ಚುಕ್ಕಿಯ ತಪ್ಪಲ್ಲ. ಫೋನಿನ ಸ್ವಂತ ಗಡಿಯಾರ ಇದಕ್ಕಿಂತ ಎಷ್ಟೋ ಕೆಟ್ಟದ್ದು. ಅದಕ್ಕೇ ಫೋನು ಅದನ್ನು ನಂಬುವುದೇ ಇಲ್ಲ. ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತ ತೆಗೆದುಕೊಂಡು ನಾಲ್ಕು ಅಜ್ಞಾತಗಳನ್ನು ಬಿಡಿಸುತ್ತದೆ: ಜಾಗದ ಮೂರು ಸಂಖ್ಯೆಗಳು, ಜೊತೆಗೆ ತನ್ನ ಗಡಿಯಾರದ ತಪ್ಪು. ಎಲ್ಲ ಉಪಗ್ರಹಗಳೂ ಒಂದೇ ಪ್ರಮಾಣದಲ್ಲಿ ಮುಂದೆ ಇದ್ದರೆ, ಆ ಸಮಾನ ತಪ್ಪು ನಾಲ್ಕನೆಯ ಸಂಖ್ಯೆಯೊಳಗೆ ಸೇರಿಹೋಗುತ್ತದೆ. ಸಮಯ ತಪ್ಪಾಗುತ್ತದೆ, ಚುಕ್ಕಿ ಹೆಚ್ಚುಕಡಿಮೆ ಜಾಗದಲ್ಲೇ ಇರುತ್ತದೆ.

ಚುಕ್ಕಿಯನ್ನು ಕದಲಿಸುವುದು ಉಪಗ್ರಹದಿಂದ ಉಪಗ್ರಹಕ್ಕೆ ಬೇರೆಯಾಗುವ ತಪ್ಪು. ಜಿಪಿಎಸ್‌ನಂಥದ್ದೇ ಆದ ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನೇ ತೆಗೆದುಕೊಳ್ಳಿ. ಅವುಗಳ ವ್ಯವಸ್ಥೆಯ ಸಮಯವನ್ನು ಕಾಯುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಕೇಂದ್ರ. ಅವು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನಾನು ಲೆಕ್ಕ ಹಾಕಿದರೆ ಅಲ್ಲಿ ದಿನಕ್ಕೆ ಸುಮಾರು 46.6 ಮೈಕ್ರೋಸೆಕೆಂಡ್ ಮುಂದೆ ಬರುತ್ತದೆ. ಯಾವ ತಿದ್ದುಪಡಿಯೂ ಇಲ್ಲದೆ ಜಿಪಿಎಸ್ ಮತ್ತು ನಾವಿಕ್ ಸಂಕೇತಗಳನ್ನು ಸುಮ್ನೆ ಬೆರೆಸಿದರೆ, ಎರಡರ ನಡುವೆ ದಿನಕ್ಕೆ 8 ಮೈಕ್ರೋಸೆಕೆಂಡ್ ಅಂತರ ಬೆಳೆಯುತ್ತಾ ಹೋಗುತ್ತದೆ. ದೂರದಲ್ಲಿ ಹೇಳುವುದಾದರೆ ಸುಮಾರು 2.4 ಕಿಲೋಮೀಟರ್. ಇದು ಒಂದೇ ಅಜ್ಞಾತದೊಳಗೆ ಅಡಗುವುದಿಲ್ಲ.

ಇನ್ನೊಂದು ವ್ಯತ್ಯಾಸ ಒಂದೇ ವ್ಯವಸ್ಥೆಯ ಒಳಗೇ ಇದೆ. ಕಕ್ಷೆಗಳು ಪೂರ್ತಿ ವೃತ್ತವಲ್ಲ, ಸ್ವಲ್ಪ ಉದ್ದವಾಗಿರುತ್ತವೆ. ಉಪಗ್ರಹ ಭೂಮಿಗೆ ಹತ್ತಿರ ಬಂದಾಗ ಆಳಕ್ಕೂ ಇಳಿಯುತ್ತದೆ, ವೇಗವೂ ಜಾಸ್ತಿಯಾಗುತ್ತದೆ. ಎರಡೂ ಸೇರಿ ಗಡಿಯಾರವನ್ನು ನಿಧಾನಿಸುತ್ತವೆ. ದೂರ ಹೋದಾಗ ಎರಡೂ ಸೇರಿ ಬೇಗ ಓಡಿಸುತ್ತವೆ. ಇದನ್ನು ಕಾರ್ಖಾನೆಯಲ್ಲಿ ಸರಿಪಡಿಸಿ ಕಳಿಸಲಾಗದು, ಏಕೆಂದರೆ ಇದು ಗಂಟೆಗಂಟೆಗೂ ಬದಲಾಗುತ್ತದೆ. ಹಾಗಾಗಿ ಜಿಪಿಎಸ್ ಈ ಕೆಲಸವನ್ನು ನಿಮ್ಮ ಫೋನಿಗೇ ಬಿಟ್ಟಿದೆ. ಪ್ರತಿ ಉಪಗ್ರಹಕ್ಕೂ ಫೋನಿನ ಚಿಪ್ ಈ ಲೆಕ್ಕ ಮಾಡುತ್ತದೆ:

```
Δt = F · e · √A · sin E
F = −4.442807633 × 10⁻¹⁰ s/√m
```

e ಅಂದರೆ ಕಕ್ಷೆ ಎಷ್ಟು ಉದ್ದವಾಗಿದೆ ಅನ್ನುವ ಅಳತೆ. A ಕಕ್ಷೆಯ ಉದ್ದನೆಯ ವ್ಯಾಸದ ಅರ್ಧ. E ಉಪಗ್ರಹ ಈಗ ಕಕ್ಷೆಯಲ್ಲಿ ಎಲ್ಲಿದೆ ಅನ್ನುವ ಕೋನ. ಇವನ್ನು ಲೆಕ್ಕ ಹಾಕಲು ಬೇಕಾದ ಮಾಹಿತಿಯನ್ನು ಉಪಗ್ರಹವೇ ತನ್ನ ಸಂಕೇತದಲ್ಲಿ ಕಳಿಸುತ್ತದೆ. e 0.01 ಇದ್ದು, √A ಸುಮಾರು 5154 ಆದರೆ, ಉತ್ತರ ಹೆಚ್ಚೆಂದರೆ 23 ನ್ಯಾನೋಸೆಕೆಂಡ್. ಅಂದರೆ ಸುಮಾರು 7 ಮೀಟರ್. ಸುಮಾರು ಹನ್ನೆರಡು ಗಂಟೆಯ ಒಂದು ಸುತ್ತಿನಲ್ಲಿ ಇದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗುತ್ತದೆ. ಒಂದೊಂದು ಉಪಗ್ರಹ ಒಂದೊಂದು ಹಂತದಲ್ಲಿ ಇರುವುದರಿಂದ ಇವು ಪೂರ್ತಿ ವಜಾ ಆಗುವುದಿಲ್ಲ. ಹೆಬ್ಬಾಳದಲ್ಲಿ ಮುಖ್ಯ ರಸ್ತೆಯೋ ಸರ್ವಿಸ್ ರಸ್ತೆಯೋ ಎಂದು ಗೊಂದಲವಾಗಲು 7 ಮೀಟರ್ ಸಾಕು, ಅಲ್ವಾ?

ಹಾಗಂತ ನಿಮ್ಮ ಮ್ಯಾಪ್ ಸರ್ವಿಸ್ ರಸ್ತೆಗೆ ಹಾರಿದಾಗ ಇದನ್ನು ದೂರಬೇಡಿ. ಈ ತಿದ್ದುಪಡಿ ಪ್ರತಿ ಸಲವೂ ಆಗಿಯೇ ಇರುತ್ತದೆ. ಎಂ.ಜಿ. ರಸ್ತೆಯಂಥ ಕಡೆ ಎತ್ತರದ ಕಟ್ಟಡಗಳಿಗೆ ತಾಗಿ ತಡವಾಗಿ ಬರುವ ಸಂಕೇತ ಇದಕ್ಕಿಂತ ದೊಡ್ಡ ತಪ್ಪು ಮಾಡಬಲ್ಲದು. ಆ ತಪ್ಪು ನೀವು ನಾಲ್ಕು ಹೆಜ್ಜೆ ಹಾಕಿದರೆ ಥಟ್ಟನೆ ಬದಲಾಗುತ್ತದೆ. ಕಕ್ಷೆಯಿಂದ ಬರುವ ತಪ್ಪು ಗಂಟೆಗಟ್ಟಲೆ ನಿಧಾನವಾಗಿ ತೂಗುತ್ತದೆ.

ಈ ತೂಗಾಟವನ್ನು ದೊಡ್ಡದಾಗಿ ನೋಡುವ ಅವಕಾಶ ಆಕಸ್ಮಿಕವಾಗಿ ಸಿಕ್ಕಿತು. 2014ರ ಆಗಸ್ಟ್‌ನಲ್ಲಿ ಜಿಪಿಎಸ್‌ನಂಥದ್ದೇ ಆದ ಯುರೋಪಿನ ಗೆಲಿಲಿಯೋ ವ್ಯವಸ್ಥೆಯ ಎರಡು ಉಪಗ್ರಹಗಳು ತಪ್ಪು ಕಕ್ಷೆ ಸೇರಿದವು. ನಂತರ ಕಕ್ಷೆಯನ್ನು ಸ್ವಲ್ಪ ಸರಿಪಡಿಸಿದರೂ e ಸುಮಾರು 0.16 ಉಳಿಯಿತು. ಅವುಗಳ ಗಡಿಯಾರ ಸುಮಾರು 370 ನ್ಯಾನೋಸೆಕೆಂಡ್ ಆಚೀಚೆ ತೂಗತೊಡಗಿತು, ಅಂದರೆ ನೂರು ಮೀಟರಿಗೂ ಜಾಸ್ತಿ. ವಿಜ್ಞಾನಿಗಳು ಮೂರು ವರ್ಷಕ್ಕೂ ಹತ್ತಿರದ ದತ್ತಾಂಶ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 1976ರಲ್ಲಿ ರಾಕೆಟ್‌ನಲ್ಲಿ ಗಡಿಯಾರ ಹಾರಿಸಿ ಮಾಡಿದ್ದ ಪರೀಕ್ಷೆಗಿಂತ ಇದು ಸುಮಾರು ಐದು ಪಟ್ಟು ನಿಖರವಾಗಿತ್ತು, ಮತ್ತು ಐನ್‌ಸ್ಟೈನ್ ಲೆಕ್ಕಕ್ಕೆ ಹೊಂದಿಕೆಯಾಗಿತ್ತು.