ಮಳೆಗಾಲದ ಚಿತ್ರಾನ್ನ ಮತ್ತು ಒಂದು ದೂರಿನ ಪತ್ರ

ಶಿವಮೊಗ್ಗದ ಒಂದು ಹೋಟೆಲಿನಲ್ಲಿ ಅಡುಗೆಮನೆ ನೋಡಿಕೊಳ್ಳೋದು ನನ್ನ ಕೆಲಸ. ದೂರು ಬರುತ್ತಲೇ ಇರುತ್ತವೆ. ಹೆಚ್ಚಿನವು 'ನಿಮ್ಮಲ್ಲಿ ತಿಂದು ಹೊಟ್ಟೆ ಕೆಟ್ಟಿತು' ಅಷ್ಟೇ. ಅದನ್ನಿಟ್ಟುಕೊಂಡು ಏನಂತ ಹುಡುಕೋದು?

ಈ ಮಳೆಗಾಲದಲ್ಲಿ ಸಾಗರದ ಕಡೆಯವರೊಬ್ಬರು ಮಾಲೀಕರಿಗೆ ಬರೆದ ಪತ್ರ ಬೇರೆ ಥರ ಇತ್ತು. ಬೆಳಿಗ್ಗೆ 8ಕ್ಕೆ ಮನೆಯ ನಾಲ್ವರೂ ತಿಂಡಿ ತಿಂದೆವು, ಚಿತ್ರಾನ್ನ ತಿಂದ ಇಬ್ಬರಿಗೆ ಹತ್ತೂವರೆಯೊಳಗೆ ವಾಂತಿ ಶುರುವಾಯಿತು, ಇಡ್ಲಿ ತಿಂದ ಇಬ್ಬರಿಗೆ ಏನೂ ಆಗಲಿಲ್ಲ, ಚಟ್ನಿ ಮತ್ತು ನೀರು ಎಲ್ಲರಿಗೂ ಒಂದೇ ಅಂತ ಬರೆದು ಬಿಲ್ಲಿನ ಜೆರಾಕ್ಸ್ ಇಟ್ಟಿದ್ದರು. ದುಡ್ಡು ಕೇಳಿರಲಿಲ್ಲ. ಅಡುಗೆಮನೆ ತಪಾಸಣೆ ಮಾಡಿಸಿ, ನೀರಿನ ಪರೀಕ್ಷೆಯ ವರದಿ ಮತ್ತು ಕೆಲಸದವರ ಮೆಡಿಕಲ್ ಸರ್ಟಿಫಿಕೇಟ್ ತೋರಿಸಿ ಅಂದಿದ್ದರು.

'ಹಿಂದಿನ ರಾತ್ರಿ ಬೇರೆಲ್ಲೋ ತಿಂದಿರ್ತಾರೆ ಬಿಡ್ರೀ' ಅಂದರು ಮಾಲೀಕರು. ಹಾಗಿದ್ದರೆ ಚಿತ್ರಾನ್ನ ತಿಂದ ಇಬ್ಬರಿಗೇ ಯಾಕೆ? ಎರಡೂವರೆ ಗಂಟೆ ಅನ್ನೋದೂ ದೊಡ್ಡ ಸುಳಿವು. ಸಾಲ್ಮೊನೆಲ್ಲಾ ಥರದ ಬ್ಯಾಕ್ಟೀರಿಯಾದಿಂದ ಹೊಟ್ಟೆ ಕೆಡೋಕೆ ಸಾಮಾನ್ಯವಾಗಿ ಆರು ಗಂಟೆಯಾದರೂ ಬೇಕು. ಇಷ್ಟು ಬೇಗ ವಾಂತಿ ಅಂದರೆ ಊಟದಲ್ಲೇ ವಿಷ ತಯಾರಾಗಿ ಕೂತಿತ್ತು ಅಂತ ಅನುಮಾನ ಪಡಬೇಕು. ಅಡುಗೆಯವರ ಕೈಯ ಗಾಯದಿಂದ ಊಟಕ್ಕೆ ಸೇರುವ ಬ್ಯಾಕ್ಟೀರಿಯಾದಿಂದಲೂ ಹಾಗಾಗುತ್ತದೆ, ಆದರೆ ಯಾರ ಕೈಯಲ್ಲೂ ಗಾಯ ಇರಲಿಲ್ಲ. ಉಳಿದದ್ದು ಅನ್ನ.

ಕೇಳಿದಾಗ ಗೊತ್ತಾಯಿತು: ರಾತ್ರಿ 9ಕ್ಕೆ ಬಸಿದ ಅನ್ನ ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು, ಬೆಳಿಗ್ಗೆ ಒಗ್ಗರಣೆ. 'ಇಷ್ಟು ಥಂಡಿಯಲ್ಲಿ ಅನ್ನ ಹಳಸುತ್ತಾ ಸಾರ್?' ಅಂದ ಭಟ್ಟ. ನಮ್ಮ ಮಲೆನಾಡಿನಲ್ಲಿ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ, ಅಲ್ವಾ? ಹೊರಗೆ ಜಡಿಮಳೆ ಹೊಡೆಯುತ್ತಿದ್ದರೂ ಮುಚ್ಚಿದ ಪಾತ್ರೆಯ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯೋದಿಲ್ಲ, ಆ ಬಿಸುಪಿನಲ್ಲಿ ಮೊಳೆತು ವಿಷ ಬಿಡುತ್ತವೆ. ಆಮೇಲೆ ಒಗ್ಗರಣೆಗೆ ಹಾಕಿ ಎಷ್ಟು ಬಿಸಿ ಮಾಡಿದರೂ, ನಿಂಬೆಹಣ್ಣು ಎಷ್ಟೇ ಹಿಂಡಿದರೂ ಆ ವಿಷ ಹೋಗೋದಿಲ್ಲ. ವಾಸನೆ, ರುಚಿಯೂ ಬದಲಾಗದೇ ಇರಬಹುದು, ಹಾಗಾಗಿ ಮೂಸಿ ನೋಡೋದು ನಂಬುವಂಥದ್ದಲ್ಲ.

ಆ ದಿನದ ಚಿತ್ರಾನ್ನ ಒಂದು ಚಮಚವೂ ಉಳಿದಿರಲಿಲ್ಲ, ಲ್ಯಾಬಿಗೆ ಏನು ಕಳಿಸೋದು? ಖಚಿತವಾಗಿ ಸಾಬೀತು ಮಾಡಲು ಆಗಲಿಲ್ಲ. ಉತ್ತರದಲ್ಲೂ ಹಾಗೇ ಬರೆದೆವು: ಅನ್ನದ ಮೇಲೆ ಅನುಮಾನ ಇದೆ, ಕಾರಣ ಇದು, ಬದಲಾಯಿಸಿದ್ದು ಇದು. ಜೊತೆಗೆ ಅವರು ಕೇಳಿದ ನೀರಿನ ವರದಿ, ಸರ್ಟಿಫಿಕೇಟುಗಳ ಪ್ರತಿ. ಈಗ ಪ್ರತಿ ತಿಂಡಿಯ ಒಂದು ಕಪ್ ಡಬ್ಬಿಗೆ ಹಾಕಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿ ಇಡುತ್ತೇವೆ.

ಚಿತ್ರಾನ್ನಕ್ಕೆ ಬೆಳಿಗ್ಗೆಯೇ ಅನ್ನ ಮಾಡುತ್ತೇವೆ. ರಾತ್ರಿ ಉಳಿದದ್ದನ್ನು ಇಡಲೇಬೇಕಾದರೆ ಅಗಲ ತಟ್ಟೆಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಫ್ಯಾನ್ ಹಾಕಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಇದರಿಂದ ಭಟ್ಟ ಐದಕ್ಕೇ ಬರಬೇಕು, ಅದಕ್ಕೆ ಜಾಸ್ತಿ ಸಂಬಳ ಕೇಳಿದ, ಮಾಲೀಕರು ಗೊಣಗುತ್ತಲೇ ಕೊಟ್ಟರು. ಚಿತ್ರಾನ್ನ ಏಳೂವರೆಗೆ ಮೊದಲು ಸಿಗೋದಿಲ್ಲ, ಮೊದಲ ಬಸ್ಸಿನವರಿಗೆ ಇನ್ನೂ ಸಿಟ್ಟಿದೆ.