ಚೀಟಿ ಎತ್ತಿದ ಮಟ್ಟವೇ ಕ್ಲಸ್ಟರ್ ಮಟ್ಟ

“ನನ್ನ ಡೇಟಾದಲ್ಲಿ ಮಕ್ಕಳು ತರಗತಿಯೊಳಗೆ, ತರಗತಿ ಶಾಲೆಯೊಳಗೆ, ಶಾಲೆ ತಾಲ್ಲೂಕಿನೊಳಗೆ. ಸ್ಟ್ಯಾಂಡರ್ಡ್ ಎರರನ್ನು ಯಾವ ಮಟ್ಟದಲ್ಲಿ ಕ್ಲಸ್ಟರ್ ಮಾಡಬೇಕು ಸಾರ್? ಮೇಲಿನ ಮಟ್ಟ ಹಿಡಿದರೆ ಯಾವಾಗಲೂ ಸುರಕ್ಷಿತ ಅಂತಾರಲ್ಲ?”

ಕಾರ್ಯಕ್ರಮ ಯಾರಿಗೆ ಸಿಗಬೇಕು ಎಂದು ಚೀಟಿ ಎತ್ತಿದ್ದು ಯಾವ ಮಟ್ಟದಲ್ಲೋ ಆ ಮಟ್ಟದಲ್ಲೇ ಕ್ಲಸ್ಟರ್ ಮಾಡಿ. ಶಾಲೆಗಳ ಹೆಸರು ಬರೆದು ಚೀಟಿ ಎತ್ತಿದ್ದರೆ ಶಾಲೆ, ಗ್ರಾಮ ಪಂಚಾಯಿತಿಗಳ ಹೆಸರು ಬರೆದಿದ್ದರೆ ಪಂಚಾಯಿತಿ. ಅಂಕಗಳಲ್ಲಿ ಎಲ್ಲೆಲ್ಲಿ ಹೋಲಿಕೆ ಇದೆ ಎಂದು ಹುಡುಕುತ್ತ ಹೋದರೆ ಕೊನೆಯಿಲ್ಲ. ಒಂದೇ ಜಿಲ್ಲೆಯ ಮಕ್ಕಳಲ್ಲೂ ಹೋಲಿಕೆ ಇರುತ್ತದೆ, ಒಂದೇ ರಾಜ್ಯದ ಮಕ್ಕಳಲ್ಲೂ ಇರುತ್ತದೆ.

ಕ್ಲಸ್ಟರ್ ಮಾಡದಿದ್ದರೆ ಎಷ್ಟು ಕೆಡುತ್ತದೆ ಎನ್ನುವುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡೋಣ. 60 ಶಾಲೆಗಳು, ಪ್ರತಿ ಶಾಲೆಯಲ್ಲಿ 40 ಮಕ್ಕಳು, ಒಟ್ಟು 2,400. ಚೀಟಿ ಎತ್ತಿ 30 ಶಾಲೆಗಳಿಗೆ ಕಾರ್ಯಕ್ರಮ ಕೊಟ್ಟಿದ್ದೇವೆ. ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು 1 ಎಂದಿಟ್ಟುಕೊಂಡರೆ, 2,400 ಮಕ್ಕಳೂ ಬೇರೆ ಬೇರೆ ಎಂದು ನಂಬಿದಾಗ ಬರುವ ಸ್ಟ್ಯಾಂಡರ್ಡ್ ಎರರ್ ಸುಮಾರು 0.041. ಆದರೆ ಅಂಕಗಳ ಏರುಪೇರಿನಲ್ಲಿ ಐದರಲ್ಲೊಂದು ಪಾಲು ಶಾಲೆಗಳ ನಡುವಿನದು, ಅಂದರೆ ಶಾಲೆಯೊಳಗಿನ ಸಹಸಂಬಂಧ 0.2 ಎಂದುಕೊಳ್ಳಿ. ಆಗ ನಿಜವಾದ ವೇರಿಯನ್ಸ್ ಇಷ್ಟು ಪಟ್ಟು ಹಿಗ್ಗುತ್ತದೆ:

```
1 + (40 - 1) × 0.2 = 8.8
```

ಇದರ ವರ್ಗಮೂಲ ಸುಮಾರು 3. ಹಾಗಾಗಿ ಸರಿಯಾದ ಸ್ಟ್ಯಾಂಡರ್ಡ್ ಎರರ್ 0.12. ಕಾರ್ಯಕ್ರಮದ ಪರಿಣಾಮ 0.15 ಎಂದು ಬಂದಿದ್ದರೆ ಮೊದಲ ಲೆಕ್ಕದಲ್ಲಿ ಟಿ-ಮೌಲ್ಯ 3.7, ಎರಡನೆಯದರಲ್ಲಿ 1.2. ಒಂದೇ ಡೇಟಾ, ಒಂದೇ ಪರಿಣಾಮ. ಒಂದು ಕಡೆ ಸಂಭ್ರಮ, ಇನ್ನೊಂದು ಕಡೆ ಏನೂ ಇಲ್ಲ. 2,400 ಮಕ್ಕಳಿಂದ ಸಿಕ್ಕ ಮಾಹಿತಿ ಸುಮಾರು 270 ಸ್ವತಂತ್ರ ಮಕ್ಕಳಿಂದ ಸಿಗುವಷ್ಟೇ. ಪ್ರತಿ ಶಾಲೆಯಲ್ಲಿ 40ರ ಬದಲು 80 ಮಕ್ಕಳಿಗೆ ಪರೀಕ್ಷೆ ಕೊಟ್ಟರೂ ಅದು ಹೆಚ್ಚೇನೂ ಏರುವುದಿಲ್ಲ. ಏರಬೇಕಾದರೆ ಶಾಲೆಗಳೇ ಹೆಚ್ಚಬೇಕು.

ಈಗ ಮಟ್ಟದ ಪ್ರಶ್ನೆ. ನಮ್ಮ ಪಕ್ಕದ ಅವಿಭಜಿತ ಆಂಧ್ರದಲ್ಲಿ 2005ರಲ್ಲಿ ಶುರುವಾದ, ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರ ಶಿಕ್ಷಕರ ಬೋನಸ್ ಪ್ರಯೋಗವನ್ನೇ ತೆಗೆದುಕೊಳ್ಳಿ. 5 ಜಿಲ್ಲೆ, 50 ಮಂಡಲ, ಪ್ರತಿ ಮಂಡಲದಲ್ಲಿ 10 ಶಾಲೆ, ಒಟ್ಟು 500 ಸರ್ಕಾರಿ ಪ್ರಾಥಮಿಕ ಶಾಲೆಗಳು. ಪ್ರತಿ ಮಂಡಲದ ಹತ್ತು ಶಾಲೆಗಳನ್ನು ಚೀಟಿಯಿಂದ ಐದು ಗುಂಪಿಗೆ ಎರಡೆರಡರಂತೆ ಹಂಚಿದರು. ಬೋನಸ್ ಹಣ ಶಿಕ್ಷಕರಿಗೆ ಸಿಕ್ಕರೂ ಕಾರ್ಯಕ್ರಮ ಸಿಕ್ಕಿದ್ದು ಶಾಲೆಗೆ, ಚೀಟಿಯಲ್ಲಿದ್ದದ್ದೂ ಶಾಲೆ. ಹಾಗಾಗಿ ಕ್ಲಸ್ಟರ್ ಶಾಲೆ; ಮಂಡಲ ಫಿಕ್ಸೆಡ್ ಎಫೆಕ್ಟ್ ಆಗಿ ಸಮೀಕರಣದೊಳಗೆ ಬರುತ್ತದೆ.

```stata
regress score treat i.mandal, vce(cluster school_id)
```

ಮಂಡಲದ ಮಕ್ಕಳಲ್ಲೂ ಹೋಲಿಕೆ ಇದೆಯಲ್ಲ, ಅಲ್ಲಿಗೇಕೆ ಏರಬಾರದು? ಪ್ರತಿ ಮಂಡಲದಲ್ಲೂ ಬೋನಸ್ ಪಡೆದ ಶಾಲೆಗಳೂ ಇವೆ, ಪಡೆಯದವೂ ಇವೆ. ಒಂದು ಮಂಡಲದಲ್ಲಿ ಬರ ಬಂದರೆ ಎರಡೂ ಕಡೆಯ ಅಂಕ ಕುಸಿಯುತ್ತದೆ, ಕಳೆದಾಗ ಅದು ಹೊರಟುಹೋಗುತ್ತದೆ. ಕಳೆದರೂ ಹೋಗದೆ ಉಳಿಯುವುದು ಶಾಲೆಯದ್ದೇ ಆದ ಏರುಪೇರು, ಹೆಡ್‌ಮಾಸ್ಟರು ಎಂಥವರು ಎನ್ನುವಂಥದ್ದು.

ಇಲ್ಲೊಂದು ವಿನಾಯಿತಿ ಇದೆ. ಚೀಟಿಯ ಜೊತೆ ಸ್ಯಾಂಪಲ್ ಆರಿಸಿದ ರೀತಿಯನ್ನೂ ಕೇಳಿಕೊಳ್ಳಬೇಕು. ಹಲವು ಮಂಡಲಗಳ ಪೈಕಿ ಕೆಲವನ್ನು ಮಾತ್ರ ಆರಿಸಿದ್ದು, ಪರಿಣಾಮ ಮಂಡಲದಿಂದ ಮಂಡಲಕ್ಕೆ ಬದಲಾಗುವಂತಿದ್ದು, ನೀವು ಆರಿಸದ ಮಂಡಲಗಳ ಬಗ್ಗೆಯೂ ಮಾತಾಡಬೇಕೆಂದಿದ್ದರೆ ಮಂಡಲದ ಮಟ್ಟಕ್ಕೆ ಏರುವುದೇ ಸರಿ. ‘ಈ ಶಾಲೆಗಳಲ್ಲಿ ಏನಾಯಿತು’ ಎಂದಷ್ಟೇ ಹೇಳುವುದಾದರೆ ಶಾಲೆ ಸಾಕು.

ಕೆಳಗಿನ ಮಟ್ಟಕ್ಕೆ ಇಳಿಯಬಹುದಾದ ಪ್ರಯೋಗವೂ ಇದೆ. 1985ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಶುರುವಾದ ಸ್ಟಾರ್ ಪ್ರಯೋಗದಲ್ಲಿ 79 ಶಾಲೆಗಳ ಕಿಂಡರ್‌ಗಾರ್ಟನ್ ಮಕ್ಕಳನ್ನು ಆಯಾ ಶಾಲೆಯೊಳಗೇ ಚಿಕ್ಕ ತರಗತಿ (13–17 ಮಕ್ಕಳು), ಮಾಮೂಲಿ ತರಗತಿ (22–25), ಸಹಾಯಕರಿರುವ ಮಾಮೂಲಿ ತರಗತಿ ಎಂದು ಹಂಚಿದರು. ಹಂಚಿದ್ದು ಮಕ್ಕಳನ್ನು, ಹಾಗಾದರೆ ಕ್ಲಸ್ಟರ್ ಬೇಡವೇ? ಬೇಕು. ತರಗತಿಯ ಗಾತ್ರ ಎನ್ನುವುದು ಇಡೀ ತರಗತಿಗೆ ಒಟ್ಟಾಗಿ ಸಿಗುವ ವಸ್ತು, ಅದರ ಜೊತೆಗೆ ಒಬ್ಬರೇ ಟೀಚರ್ ಕೂಡ ಸಿಗುತ್ತಾರೆ. ಶಾಲೆಯ ಫಿಕ್ಸೆಡ್ ಎಫೆಕ್ಟ್ ಹಾಕಿದರೆ ಶಾಲೆಯ ಪಾಲು ಹೋಗುತ್ತದೆ, ಟೀಚರ್ ಪಾಲು ಹೋಗುವುದಿಲ್ಲ. ಆದ್ದರಿಂದ ಇಲ್ಲಿ ಕನಿಷ್ಠ ಮಟ್ಟ ತರಗತಿ. 79 ಶಾಲೆ ಇರುವುದರಿಂದ ಶಾಲೆಯ ಮಟ್ಟ ಹಿಡಿದರೂ ತಪ್ಪಿಲ್ಲ. ‘ಫಿಕ್ಸೆಡ್ ಎಫೆಕ್ಟ್ ಹಾಕಿದ್ದೇನೆ, ಕ್ಲಸ್ಟರ್ ಬೇಕಿಲ್ಲ’ ಎನ್ನುವ ವಾದ ಬೀಳುವುದು ಇಲ್ಲೇ.

ಇನ್ನು ‘ಮೇಲಕ್ಕೆ ಹೋದಷ್ಟೂ ಸುರಕ್ಷಿತ’ ಎನ್ನುವ ಮಾತು. ಆಂಧ್ರದ ಡೇಟಾದಲ್ಲಿ ಜಿಲ್ಲೆಯ ಮಟ್ಟದಲ್ಲಿ ಕ್ಲಸ್ಟರ್ ಮಾಡಿದರೆ ಕೈಗೆ ಸಿಗುವುದು ಐದೇ ಕ್ಲಸ್ಟರ್. ಸೂತ್ರ ಪ್ರತಿ ಕ್ಲಸ್ಟರಿನಿಂದ ಒಂದೊಂದು ಮೊತ್ತ ತೆಗೆದು ಅವುಗಳ ಚದುರುವಿಕೆಯಿಂದ ವೇರಿಯನ್ಸ್ ಅಂದಾಜು ಮಾಡುತ್ತದೆ. ಐದು ಮೊತ್ತಗಳಿಂದ ಮಾಡಿದ ಅಂದಾಜು ಓಲಾಡುತ್ತದೆ, ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯತ್ತಲೇ ವಾಲುತ್ತದೆ. ಸುರಕ್ಷಿತ ಎಂದುಕೊಂಡು ಹೋದವರಿಗೆ ಮೊದಲಿಗಿಂತ ಚಿಕ್ಕ ಸ್ಟ್ಯಾಂಡರ್ಡ್ ಎರರ್ ಸಿಕ್ಕರೂ ಆಶ್ಚರ್ಯವಿಲ್ಲ. ಸ್ಟೇಟಾ 4 ಡಿಗ್ರಿ ಆಫ್ ಫ್ರೀಡಮ್ ಹಿಡಿದು 1.96ರ ಬದಲು 2.78 ಕೇಳುತ್ತದೆ, ಆದರೆ ಅದು ಅರ್ಧ ಮದ್ದು. ವೈಲ್ಡ್ ಬೂಟ್‌ಸ್ಟ್ರಾಪ್ ಕೂಡ ಇಲ್ಲಿ ಹೆಚ್ಚು ಕೈಹಿಡಿಯುವುದಿಲ್ಲ: ಐದು ಕ್ಲಸ್ಟರುಗಳಿಗೆ ಪ್ಲಸ್-ಮೈನಸ್ ಚಿಹ್ನೆ ಹಾಕುವ ಬಗೆಗಳೇ ಒಟ್ಟು 32.

ಮಟ್ಟ ಸರಿಯಾಗಿ ಆರಿಸಿಯೂ ಲೆಕ್ಕ ಹಾಳಾಗುವ ಎರಡು ಕಡೆ ನಮ್ಮ ಶಾಲಾ ಡೇಟಾದಲ್ಲೇ ಇವೆ. ಮೊದಲನೆಯದು ಸ್ವಲ್ಪ ತಮಾಷೆಯದು. ನಮ್ಮ ಶಿಕ್ಷಣ ಇಲಾಖೆಯಲ್ಲಿ ‘ಕ್ಲಸ್ಟರ್’ ಎಂದರೆ ಸಿಆರ್‌ಪಿಯವರು ನೋಡಿಕೊಳ್ಳುವ ಶಾಲೆಗಳ ಗುಂಪು. ಡೇಟಾದಲ್ಲಿ `cluster` ಎಂಬ ಹೆಸರಿನ ಕಾಲಂ ಇರುತ್ತದೆ, ಕಮಾಂಡೂ ಅದೇ ಪದ ಕೇಳುತ್ತದೆ, ಕೈ ತಾನಾಗಿ ಅದನ್ನೇ ಟೈಪ್ ಮಾಡುತ್ತದೆ. ಎರಡಕ್ಕೂ ಸಂಬಂಧವಿಲ್ಲ. ಚೀಟಿ ಎತ್ತಿದ್ದು ಸಿಆರ್‌ಪಿ ಕ್ಲಸ್ಟರುಗಳ ನಡುವೆ ಆಗಿದ್ದರೆ ಮಾತ್ರ ಆ ಕಾಲಂ ಸರಿ.

ಎರಡನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಶಾಲೆಯ ಯು-ಡೈಸ್ ಕೋಡ್ 11 ಅಂಕಿಯದು, ಕರ್ನಾಟಕದ್ದು 29ರಿಂದ ಶುರು. ಸ್ಟೇಟಾದಲ್ಲಿ `gen school_id = udise` ಎಂದು ಬರೆದರೆ ಹೊಸ ಕಾಲಂ `float` ಆಗುತ್ತದೆ. ಅಷ್ಟು ದೊಡ್ಡ ಸಂಖ್ಯೆಗಳನ್ನು `float` 2,048ರ ಹೆಜ್ಜೆಗಳಲ್ಲಿ ಮಾತ್ರ ಹಿಡಿಯಬಲ್ಲದು. ಕೋಡಿನ ಕೊನೆಯ ಎರಡು ಅಂಕಿ ಶಾಲೆಯದು, ಅದಕ್ಕೂ ಹಿಂದಿನ ಮೂರು ಹಳ್ಳಿಯದು. ಅಂದರೆ ಒಂದೊಂದು ಹೆಜ್ಜೆಯಲ್ಲಿ ಸುಮಾರು ಇಪ್ಪತ್ತು ಹಳ್ಳಿ-ಕೋಡುಗಳ ಶಾಲೆಗಳು ಕಲೆತು ಒಂದೇ ಕ್ಲಸ್ಟರ್ ಆಗುತ್ತವೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕೋಡನ್ನು ಅಕ್ಷರಮಾಲೆಯಾಗಿಯೇ ಇಟ್ಟುಕೊಂಡು ಹೀಗೆ ಮಾಡಿ:

```stata
egen school_id = group(udise_str)
regress score treat i.mandal, vce(cluster school_id)
```

ಫಲಿತಾಂಶದ ಕೋಷ್ಟಕದ ಮೇಲೆ ಎಷ್ಟು ಕ್ಲಸ್ಟರುಗಳಿಗೆ ಹೊಂದಿಸಲಾಗಿದೆ ಎಂಬ ಒಂದು ಸಾಲು ಇರುತ್ತದೆ. ನೀವು 300 ಶಾಲೆಗಳ ಹೆಸರು ಬರೆದು ಚೀಟಿ ಎತ್ತಿದ್ದರೆ ಅಲ್ಲಿ 300 ಎಂದೇ ಇರಬೇಕು. 41 ಎಂದಿದ್ದರೆ ಕೋಡುಗಳು ಕಲೆತಿವೆ. 12,000 ಎಂದಿದ್ದರೆ ಮಕ್ಕಳ ಐಡಿಯನ್ನು ಕೊಟ್ಟಿದ್ದೀರಿ. 297 ಎಂದಿದ್ದರೆ ಮೂರು ಶಾಲೆಗಳಲ್ಲಿ ಪರೀಕ್ಷೆಯ ದಿನ ಏನಾಯಿತು ಎಂದು ವಿಚಾರಿಸಿಕೊಂಡು ಬನ್ನಿ.